ಹಳೆಯ ಗಿರಾಕಿಗೆ ಹೊಸ ದರದ ಪತ್ರ: ವಿನಯಕ್ಕಿಂತ ಮೊದಲು ತಾರೀಖು

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ 2018ರಿಂದ ಪ್ಯಾಟರ್ನ್ ಮಾಡೆಲ್ ಮತ್ತು ಕ್ಯಾಡ್ ಡ್ರಾಯಿಂಗ್ ಮಾಡಿಕೊಡುತ್ತಿದ್ದೇನೆ. ಗಂಟೆಗೆ 400 ರೂಪಾಯಿ, 2021ರ ಏಪ್ರಿಲ್‌ನಿಂದ ಅದೇ ದರ. ತಿಂಗಳ 26ರಿಂದ ಮುಂದಿನ 25ರವರೆಗೆ ಲೆಕ್ಕ ಹಿಡಿದು ಬಿಲ್ ಕೊಡುತ್ತೇನೆ. ಮುಂದಿನ ಬಿಲ್ಲಿನಿಂದ 480 ಮಾಡಬೇಕೆಂದಿದ್ದೇನೆ. ಮಾಲೀಕರು ಹಿರಿಯರು, ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಅವರಿಗೆ ಬೇಸರವಾಗದ ಹಾಗೆ ಪತ್ರ ಹೇಗೆ ಬರೆಯಬೇಕು? ನನ್ನ ಕರಡನ್ನು ಜೊತೆಗೆ ಇಟ್ಟಿದ್ದೇನೆ.

ಉತ್ತರ: ನಿಮ್ಮ ಕರಡಿನಲ್ಲಿ ವಿನಯಕ್ಕೆ ಕೊರತೆಯಿಲ್ಲ, ಇನ್ನೂ ನಿಜ ಹೇಳಬೇಕೆಂದರೆ ಅದು ಸ್ವಲ್ಪ ಹೆಚ್ಚೇ ಆಗಿದೆ. ಕೊರತೆ ಇರುವುದು ತಾರೀಖಿಗೆ. ಇಡೀ ಪುಟದಲ್ಲಿ ಹೊಸ ದರ ಯಾವ ದಿನದಿಂದ ಎಂಬುದಕ್ಕೆ ಇರುವ ಮಾತು ಒಂದೇ, 'ಮುಂದಿನ ಬಿಲ್ಲಿನಿಂದ' ಎಂದು. ನಾನು ಇದೇ ಊರಿನ ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ಕೂತು ಇಂತಹ ಪತ್ರಗಳನ್ನು ವರ್ಷಗಟ್ಟಲೆ ಓದಿದವನು. ಓದುವವರ ಕಡೆಯಿಂದ ನೋಡಿದರೆ ಈ ಎರಡು ಶಬ್ದಗಳಿಗೆ ಎರಡು ಅರ್ಥಗಳಿವೆ, ಬೇಸರ ಹುಟ್ಟುವುದು ಆ ಎರಡರ ನಡುವಿನ ಸಂದಿಯಲ್ಲಿ.

ನೀವು ಪತ್ರವನ್ನು 2025ರ ಸೆಪ್ಟೆಂಬರ್ 9ರಂದು ಕೊಡುತ್ತೀರಿ ಎಂದಿಟ್ಟುಕೊಳ್ಳೋಣ. ಅದಾದ ಮೇಲೆ ಮಾಲೀಕರ ಮೇಜಿಗೆ ಬರುವ ಮೊದಲ ಬಿಲ್ಲು, ಅಂದರೆ ಅವರ ಮಟ್ಟಿಗೆ 'ಮುಂದಿನ ಬಿಲ್ಲು', ಆಗಸ್ಟ್ 26ರಿಂದ ಸೆಪ್ಟೆಂಬರ್ 25ರ ಅವಧಿಯದು. ಆ ಅವಧಿಯ ಅರ್ಧದಷ್ಟು ದಿನಗಳು ಪತ್ರ ಕೊಡುವ ಹೊತ್ತಿಗೆ ಕಳೆದೇ ಹೋಗಿರುತ್ತವೆ, ಆ ದಿನಗಳ ಕೆಲಸವನ್ನು ನೀವು 400ರ ಲೆಕ್ಕದಲ್ಲಿ ಒಪ್ಪಿಕೊಂಡು ಮಾಡಿರುತ್ತೀರಿ. ನಿಮ್ಮ ಮನಸ್ಸಿನಲ್ಲಿ ಇರುವುದು ಪ್ರಾಯಶಃ ಅದರ ಮುಂದಿನ ಅವಧಿ, ಸೆಪ್ಟೆಂಬರ್ 26ರಿಂದ ಶುರುವಾಗುವುದು. ಆದರೆ ಓದಿದವರಿಗೆ ಕಾಣುವುದು, ಮಾಡಿ ಮುಗಿಸಿದ ಕೆಲಸಕ್ಕೆ ಹಿಂದಿನಿಂದ ಬೆಲೆ ಏರಿಸಿದ ಹಾಗೆ. ದರ ಏರಿದ್ದಕ್ಕೆ ಮುನಿಸಿಕೊಂಡ ಮಾಲೀಕರನ್ನು ನಾನು ಹೆಚ್ಚು ಕಂಡಿಲ್ಲ. ಹಿಂದಿನ ತಾರೀಖಿನಿಂದ ಏರಿತು ಎಂದು ಮುನಿಸಿಕೊಂಡವರನ್ನು ಬಹಳ ಜನರನ್ನು ಕಂಡಿದ್ದೇನೆ.

ನಾನಿದ್ದ ಒಂದು ಕಡೆ ಮೆಷಿನ್ ರಿಪೇರಿಗೆ ಬರುತ್ತಿದ್ದ ಒಬ್ಬ ಅನುಭವಿ ಹೀಗೆಯೇ 'ಮುಂದಿನ ಬಿಲ್ಲಿನಿಂದ' ಎಂದು ಬರೆದುಕೊಟ್ಟಿದ್ದರು. ಲೆಕ್ಕದ ವಿಭಾಗದವರು ಒಂದು ಬಿಲ್ಲಿಗೆ ಹಳೆಯ ದರ ಹಾಕಿ ಹಣ ಕೊಟ್ಟರು, ರಿಪೇರಿಯವರು ವ್ಯತ್ಯಾಸ ಕೇಳಿದರು, ಪತ್ರವ್ಯವಹಾರ ಮೂರು ತಿಂಗಳು ನಡೆಯಿತು. ಕೊನೆಗೆ ವ್ಯತ್ಯಾಸದ ಹಣ ಬಂತು, ಆದರೆ ಅದರ ನಂತರ ಅವರಿಗೆ ಕರೆ ಹೋಗುವುದು ನಿಂತಿತು. ಹೊಸ ದರದ ಬಗ್ಗೆ ಅಲ್ಲಿ ಯಾರಿಗೂ ತಕರಾರು ಇರಲಿಲ್ಲ.

ಆದ್ದರಿಂದ ಪತ್ರದಲ್ಲಿ 'ಮುಂದಿನ ಬಿಲ್ಲು', 'ಮುಂದಿನ ತಿಂಗಳು' ಎಂಬ ಮಾತುಗಳನ್ನು ತೆಗೆದುಹಾಕಿ. ದರವನ್ನು ಬಿಲ್ಲಿನ ತಾರೀಖಿಗೆ ಕಟ್ಟಬೇಡಿ, ಕೆಲಸ ಮಾಡಿದ ತಾರೀಖಿಗೆ ಕಟ್ಟಿ: '26 ಸೆಪ್ಟೆಂಬರ್ 2025ರಂದು ಹಾಗೂ ಆನಂತರ ಮಾಡಿದ ಕೆಲಸಕ್ಕೆ' ಎಂದು. ನೀವು ಬಿಲ್ಲನ್ನು ಒಂದು ವಾರ ತಡವಾಗಿ ಕೊಟ್ಟರೂ, ಅವರು ಎರಡು ತಿಂಗಳ ಬಿಲ್ಲನ್ನು ಒಟ್ಟಿಗೆ ಪಾಸು ಮಾಡಿದರೂ ಆ ಗೆರೆ ಅಲುಗಾಡುವುದಿಲ್ಲ. ಇದು ನಡೆಯಬೇಕಾದರೆ ನಿಮ್ಮ ಗಂಟೆಗಳ ವಹಿಯಲ್ಲಿ ದಿನವಾರು ಬರಹ ಇರಬೇಕು. ವಾರಕ್ಕೊಮ್ಮೆ ಒಟ್ಟು ಗಂಟೆ ಬರೆಯುವ ರೂಢಿ ನಿಮ್ಮದಾಗಿದ್ದರೆ ಇಂದಿನಿಂದಲೇ ಬಿಡಿ, ಏಕೆಂದರೆ ಸೆಪ್ಟೆಂಬರ್ 25 ಗುರುವಾರ, 26 ಶುಕ್ರವಾರ. ಗೆರೆ ವಾರದ ನಡುವೆ ಬೀಳುತ್ತದೆ.

ಗೆರೆಯನ್ನು ದಾಟಿ ಹೋಗುವ ಕೆಲಸಗಳದು ಬೇರೆಯೇ ಪ್ರಶ್ನೆ, ನಿಮ್ಮ ಕರಡು ಅದನ್ನು ಮುಟ್ಟಿಯೇ ಇಲ್ಲ. ಗೇರ್‌ಬಾಕ್ಸ್ ಹೌಸಿಂಗಿನ ಪ್ಯಾಟರ್ನ್ ಮಾಡೆಲ್‌ಗೆ ಸೆಪ್ಟೆಂಬರ್ 1ರಂದು 40 ಗಂಟೆಯ ಅಂದಾಜು ಕೊಟ್ಟಿದ್ದೀರಿ ಎಂದು ಬರೆದಿದ್ದೀರಿ. 25ರ ಹೊತ್ತಿಗೆ ಅದರಲ್ಲಿ 26 ಗಂಟೆ ಮುಗಿದು 14 ಉಳಿಯುತ್ತವೆ ಎಂದುಕೊಳ್ಳೋಣ. ತಾರೀಖಿನ ನಿಯಮದ ಪ್ರಕಾರ ಆ 14 ಗಂಟೆಗೆ 480 ಹಾಕುವ ಹಕ್ಕು ನಿಮಗಿದೆ. ಆದರೂ ಹಾಕಬೇಡಿ. ಮಾಲೀಕರು ನಿಮ್ಮ 40 ಗಂಟೆ, 400 ರೂಪಾಯಿ, ಒಟ್ಟು 16,000 ಎಂಬ ಅಂಕಿಯನ್ನು ತಮ್ಮ ಲೆಕ್ಕದಲ್ಲಿ ಸೇರಿಸಿ ಅವರ ಗಿರಾಕಿಗೆ ಪ್ಯಾಟರ್ನಿನ ಬೆಲೆ ಹೇಳಿರುತ್ತಾರೆ, ಅದನ್ನು ಅವರು ಈಗ ಬದಲಿಸುವಂತಿಲ್ಲ. ನೀವು ಬಿಟ್ಟುಕೊಡುವುದು 14 ಗಂಟೆಗೆ 80ರಂತೆ 1,120 ರೂಪಾಯಿ. ಏಳು ವರ್ಷದ ಸಂಬಂಧದಲ್ಲಿ ಇಷ್ಟು ಕಡಿಮೆ ಖರ್ಚಿನ ಸೌಜನ್ಯ ಮತ್ತೊಂದು ಸಿಗಲಾರದು. ಆದರೆ ಆ ಸೌಜನ್ಯಕ್ಕೂ ಬೇಲಿ ಹಾಕಿ: ಹಳೆಯ ದರ ಅಂದಾಜಿನ 40 ಗಂಟೆಗೆ ಮಾತ್ರ. ಅವರ ಗಿರಾಕಿ ಸ್ಯಾಂಪಲ್ ಬದಲಿಸಿ ಕೋರ್ ಬಾಕ್ಸ್ ಮತ್ತೆ ಮಾಡಬೇಕಾಗಿ ಬಂದರೆ ಅದು ಹೊಸ ಕೆಲಸ, ಹೊಸ ದರ. ಇದನ್ನು ಬರೆಯದೆ ಬಿಟ್ಟರೆ ಹೌಸಿಂಗಿನ ತಿದ್ದುಪಡಿಗಳು ಮುಂದಿನ ಯುಗಾದಿಯವರೆಗೂ 400ರಲ್ಲೇ ಓಡುತ್ತವೆ.

ಇನ್ನು ಕಾರಣದ ವಿಚಾರ. ನಿಮ್ಮ ಕರಡಿನ ಅರ್ಧ ಪುಟ ಮನೆ ಬಾಡಿಗೆ, ಮಗಳ ಶಾಲೆಯ ಫೀ, ಹೊಸ ಕಂಪ್ಯೂಟರಿನ ಕಂತುಗಳಿಂದ ತುಂಬಿದೆ. ಅವೆಲ್ಲ ನಿಜವೇ ಇರಬಹುದು, ಆದರೆ ಈ ಕಾಗದ ಕಾಕಾ ಒಬ್ಬರ ಕೈಯಲ್ಲಿ ಉಳಿಯುವುದಿಲ್ಲ. ಅದು ಅವರ ಮಗನಿಗೆ ಹೋಗುತ್ತದೆ, ಲೆಕ್ಕದವರಿಗೆ ಹೋಗುತ್ತದೆ, ಫೈಲಿನಲ್ಲಿ ಕೂರುತ್ತದೆ. ಮನೆಯ ಕಷ್ಟ ಹೇಳಿದ ಪತ್ರಕ್ಕೆ ಸಿಗುವ ಉತ್ತರ ಸಹಾಯದ ರೂಪದ್ದು: 'ಈ ಸಲ ಹಬ್ಬಕ್ಕ ಐದು ಸಾವಿರ ಇಟ್ಕೊಪಾ, ರೇಟು ಆಮ್ಯಾಲೆ ನೋಡೂಣು.' ಐದು ಸಾವಿರ ಒಮ್ಮೆ ಬಂದು ಹೋಗುತ್ತದೆ, ದರ ಇದ್ದಲ್ಲೇ ಇರುತ್ತದೆ. ನೀವು ಕೇಳುತ್ತಿರುವುದು ಕೆಲಸದ ಬೆಲೆ, ಅದಕ್ಕೆ ಕೆಲಸದ ಕಡೆಯ ಕಾರಣ ಒಂದೇ ಒಂದು ವಾಕ್ಯದಲ್ಲಿ ಸಾಕು.

480 ಎಂಬ ಅಂಕಿ ನ್ಯಾಯವೇ ಎಂದು ನಿಮಗೆ ನೀವೇ ಖಾತ್ರಿ ಮಾಡಿಕೊಳ್ಳಲು ಬೇಕಾದ ಲೆಕ್ಕ ಇಲ್ಲಿದೆ, ಇದು ಪತ್ರಕ್ಕಲ್ಲ. ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ ಏರಿಕೆ 2021-22ರಲ್ಲಿ ಶೇಕಡಾ 5.5, 2022-23ರಲ್ಲಿ 6.7, 2023-24ರಲ್ಲಿ 5.4, 2024-25ರಲ್ಲಿ 4.6. ಈ ನಾಲ್ಕನ್ನು ಒಂದರ ಮೇಲೊಂದು ಗುಣಿಸಿದರೆ ಆಗ 400 ರೂಪಾಯಿಗೆ ಸಿಗುತ್ತಿದ್ದುದಕ್ಕೆ 2024-25ರಲ್ಲಿ ಸುಮಾರು 496 ಬೇಕು. ನೀವು ಕೇಳುತ್ತಿರುವುದು ಅದಕ್ಕಿಂತ ಕಡಿಮೆ. ಅಂದರೆ ಬೆಲೆಗಳ ಲೆಕ್ಕದಲ್ಲಿ ನೋಡಿದರೆ ನೀವು 2021ರ ಜಾಗಕ್ಕೂ ಪೂರ್ತಿ ವಾಪಸು ಹೋಗುತ್ತಿಲ್ಲ. ಇದನ್ನು ತಿಳಿದುಕೊಂಡು ಹೋದರೆ ಮಾತನಾಡುವಾಗ ಧ್ವನಿ ನಡುಗುವುದಿಲ್ಲ, ಅದಷ್ಟೇ ಅದರ ಉಪಯೋಗ. ಪತ್ರದಲ್ಲಿ ಸೂಚ್ಯಂಕ ಹಾಕಿದರೆ ಅದು ವಾದವಾಗುತ್ತದೆ, ವಾದಕ್ಕೆ ಪ್ರತಿವಾದ ಬರುತ್ತದೆ.

ಫೌಂಡ್ರಿಯವರ ಮುಂದೆ ಈ ವಾದ ಏಕೆ ಗೆಲ್ಲುವುದಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ತಿಳಿದರೆ ಪತ್ರದಲ್ಲಿ ಏನು ಬರೆಯಬೇಕೆಂಬುದೂ ತಿಳಿಯುತ್ತದೆ. ಮಾಲೀಕರು ತಮ್ಮ ಗಿರಾಕಿಗಳ ಮುಂದೆ ನಿಮ್ಮ ಜಾಗದಲ್ಲೇ ನಿಂತಿರುತ್ತಾರೆ. ಪಿಗ್ ಐರನ್, ಸ್ಕ್ರ್ಯಾಪ್ ಬೆಲೆ ಏರಿದರೆ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕಾಸ್ಟಿಂಗಿನ ದರವನ್ನು ನಿಯತವಾಗಿ ತಿದ್ದಿಕೊಡುತ್ತವೆ. ಕರಗಿಸುವ ಕರೆಂಟು, ಕೂಲಿ, ಡ್ರಾಯಿಂಗು ಮುಂತಾದ ತಯಾರಿಕೆಯ ಖರ್ಚು ಏರಿತು ಎಂದರೆ ಅಷ್ಟು ಸುಲಭವಾಗಿ ತಿದ್ದಿಕೊಡುವುದಿಲ್ಲ. ನಿಮ್ಮ 80 ರೂಪಾಯಿ ಆ ಎರಡನೆಯ ಖಾನೆಗೆ ಸೇರಿದ್ದು. ಈಗಾಗಲೇ ಬೆಲೆ ಹೇಳಿದ ಆರ್ಡರುಗಳಲ್ಲಿ ಅದು ನೇರವಾಗಿ ಅವರ ಲಾಭದಿಂದ ಹೋಗುತ್ತದೆ, ಇನ್ನು ಮುಂದೆ ಹೇಳುವ ಬೆಲೆಗಳಲ್ಲಿ ಮಾತ್ರ ಅವರು ಅದನ್ನು ಸೇರಿಸಬಲ್ಲರು. ಆದ್ದರಿಂದ ಅವರಿಗೆ ಬೇಕಾದುದು ಏರಿಕೆಯ ಸಮರ್ಥನೆಯಲ್ಲ. ಕೊಟೇಶನ್ ಹಾಕುವ ಮೊದಲು ಹೊಸ ದರ ಕೈಯಲ್ಲಿರಬೇಕು, ಅದು ಎಷ್ಟು ದಿನ ನಿಲ್ಲುತ್ತದೆ ಎಂದು ಗೊತ್ತಿರಬೇಕು. ಹದಿನೇಳು ದಿನ ಮೊದಲೇ ತಿಳಿಸುವುದು ಮೊದಲನೆಯದಕ್ಕೆ. 31 ಮಾರ್ಚ್ 2027ರವರೆಗೆ ಮತ್ತೆ ಏರಿಸುವುದಿಲ್ಲ ಎಂದು ಬರೆದುಕೊಡುವುದು ಎರಡನೆಯದಕ್ಕೆ. ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಲೇ ಶೇಕಡಾ 20 ಏರಿಸಿದವರು ಆರು ತಿಂಗಳಲ್ಲಿ ಮತ್ತೆ ಬಂದಾರು ಎಂಬ ಭಯ ಅವರಿಗಿರುವುದು ಸಹಜ.

ಪತ್ರಕ್ಕೆ ಮೊದಲು ಒಂದು ಕೆಲಸ. ಲೆಕ್ಕದ ವಿಭಾಗದಲ್ಲಿ ನಿಮ್ಮ ಹೆಸರಿಗೆ ಓಪನ್ ಪರ್ಚೇಸ್ ಆರ್ಡರ್, ಅಂದರೆ ದರವನ್ನು ಒಮ್ಮೆ ಗೊತ್ತುಮಾಡಿ ಮತ್ತೆ ಮತ್ತೆ ಕೆಲಸ ಪಡೆಯುವ ಖರೀದಿ ಆದೇಶ, ಇದೆಯೇ, ಅದರಲ್ಲಿ ದರ ಮತ್ತು ಮುಕ್ತಾಯದ ತಾರೀಖು ಏನಿದೆ ಎಂದು ವಿಚಾರಿಸಿ. ಇದ್ದರೆ, ಮಾಲೀಕರು ಬಾಯಿಮಾತಿನಲ್ಲಿ ಒಪ್ಪಿದರೂ ಬಿಲ್ಲು ಪಾಸಾಗುವುದಿಲ್ಲ. ಬಿಲ್ಲಿನ ದರ ಆರ್ಡರಿನ ದರಕ್ಕೆ ತಾಳೆಯಾಗದಿದ್ದರೆ ಅಲ್ಲಿ ಕೂತವರು ಅದನ್ನು ಪಕ್ಕಕ್ಕಿಡುತ್ತಾರೆ, ಅದು ಅವರ ಕರ್ತವ್ಯ. ಆಗ ನೀವು 'ಕಾಕಾ ಒಪ್ಪಿದ್ದಾರೆ' ಎನ್ನುತ್ತೀರಿ, ಅವರು 'ಪಿ.ಓ. ಅಮೆಂಡ್ ಆಗಿಲ್ರೀ' ಎನ್ನುತ್ತಾರೆ, ಮಧ್ಯದಲ್ಲಿ ನಿಮ್ಮ ಇಡೀ ಬಿಲ್ಲು, ಏರಿದ 80 ಮಾತ್ರವಲ್ಲ, ನಿಂತುಹೋಗುತ್ತದೆ. ಆದ್ದರಿಂದ ಆರ್ಡರಿನ ತಿದ್ದುಪಡಿಯನ್ನು ಪತ್ರದಲ್ಲೇ ಕೇಳಬೇಕು. ಆ ಆರ್ಡರು 2026ರ ಮಾರ್ಚ್‌ವರೆಗೆ 400 ರೂಪಾಯಿ ಎಂದು ಸ್ಪಷ್ಟವಾಗಿ ಹೇಳುತ್ತಿದ್ದರೆ ನಿಮ್ಮ ಸ್ಥಾನವೇ ಬೇರೆ: ಒಪ್ಪಿಕೊಂಡ ಕರಾರನ್ನು ಒಬ್ಬರೇ ಬದಲಿಸಲು ಬರುವುದಿಲ್ಲ, ಅದಕ್ಕೆ ಇಬ್ಬರ ಒಪ್ಪಿಗೆಯೂ ಬೇಕು. ಆಗ 'ಆಗಿರುತ್ತದೆ' ಎಂಬ ಜಾಗದಲ್ಲಿ 'ಆಗಬೇಕೆಂದು ಕೋರುತ್ತೇನೆ' ಎಂದು ಬರೆಯಬೇಕು, ಅವರು ಒಪ್ಪದಿದ್ದರೆ ಏಪ್ರಿಲ್‌ವರೆಗೆ ಕಾಯಬೇಕು.

ಎರಡನೆಯದಾಗಿ, ಪತ್ರ ಕೈಗೆ ಹೋಗುವ ಮೊದಲು ಮಾತು ಕಿವಿಗೆ ಹೋಗಿರಬೇಕು. ಕಾಕಾ ಎಂದು ಕರೆಯುವ ಹುಡುಗ ಮುಖ ತೋರಿಸದೆ ಲಕೋಟೆ ಕಳಿಸಿದರೆ, ಲಕೋಟೆಯಲ್ಲಿ ಎಷ್ಟೇ ವಿನಯವಿದ್ದರೂ ಅದು ನೋಟಿಸಿನ ಹಾಗೆ ಕಾಣುತ್ತದೆ. ಗಣೇಶನ ವಿಸರ್ಜನೆ ಸೆಪ್ಟೆಂಬರ್ 6ಕ್ಕೆ, ನಮ್ಮೂರಿನ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಹೀಗಾಗಿ ಸೋಮವಾರ 8ನೇ ತಾರೀಖು, ಅವರು ಶಾಪ್ ಫ್ಲೋರ್ ಸುತ್ತಿ ಬಂದು ಚಹಾ ಕುಡಿಯುವ ಹೊತ್ತಿಗೆ ಹೋಗಿ. 'ಕಾಕಾ, ನಾಲ್ಕ ವರ್ಷದಿಂದ ರೇಟು ಹಂಗೇ ಐತ್ರೀ. ಈ ತಿಂಗಳ ಇಪ್ಪತ್ತಾರರಿಂದ ನಾಲ್ಕನೂರಾ ಎಂಬತ್ತ ಮಾಡಬೇಕಂತೀನಿ. ಹೌಸಿಂಗಿನ ಕೆಲಸ ಹಳೇ ರೇಟಿನಾಗ ಮುಗಿಸಿ ಕೊಡ್ತೀನ್ರೀ. ನಾಳೆ ಪತ್ರ ಕೊಡ್ತೀನಿ' ಎಂದರೆ ಮುಗಿಯಿತು. ಅಂಕಿಯನ್ನು ಅಲ್ಲಿಯೇ ಹೇಳಬೇಕು. 'ರೇಟಿನ ಬಗ್ಗೆ ಒಂದು ಪತ್ರ ಕೊಡ್ತೀನಿ' ಎಂದಷ್ಟೇ ಹೇಳಿ ಬಂದರೆ ಅವರು ರಾತ್ರಿಯೆಲ್ಲ 600 ಎಂದು ಊಹಿಸಿಕೊಂಡಿರುತ್ತಾರೆ. 600ಕ್ಕೆ ಹೆದರಿದವರಿಗೆ 480 ಅಗ್ಗವಾಗಿ ಕಂಡೀತು ಎಂಬ ಜಾಣತನವನ್ನು ಕೆಲವರು ಹೇಳಿಕೊಡುತ್ತಾರೆ, ಏಳು ವರ್ಷದ ಗಿರಾಕಿಯ ಮೇಲೆ ಅದನ್ನು ಪ್ರಯೋಗಿಸುವುದು ನನಗೆ ಸರಿ ಕಾಣುವುದಿಲ್ಲ.

ಮರುದಿನದ ಪತ್ರ ಹೀಗಿರಲಿ.

ಬೆಳಗಾವಿ
9 ಸೆಪ್ಟೆಂಬರ್ 2025

ಶ್ರೀ (ಮಾಲೀಕರ ಹೆಸರು) ಅವರಿಗೆ,
(ಕಾರ್ಖಾನೆಯ ಹೆಸರು), ಉದ್ಯಮಬಾಗ, ಬೆಳಗಾವಿ

ವಿಷಯ: 26 ಸೆಪ್ಟೆಂಬರ್ 2025ರಿಂದ ಡ್ರಾಯಿಂಗ್ ಕೆಲಸದ ಗಂಟೆಯ ದರ

ಮಾನ್ಯರೇ,

ನಿನ್ನೆ ತಮ್ಮೊಂದಿಗೆ ಮಾತನಾಡಿದ ಪ್ರಕಾರ ಈ ಪತ್ರ ಬರೆಯುತ್ತಿದ್ದೇನೆ. 2018ರಿಂದ ತಮ್ಮ ಕಾರ್ಖಾನೆಯ ಪ್ಯಾಟರ್ನ್ ಮಾಡೆಲ್, ಕೋರ್ ಬಾಕ್ಸ್ ಮತ್ತು ಮೆಷಿನಿಂಗ್ ಡ್ರಾಯಿಂಗ್‌ಗಳ ಕೆಲಸವನ್ನು ತಾವು ನನ್ನ ಮೇಲೆ ವಿಶ್ವಾಸವಿಟ್ಟು ಕೊಡುತ್ತ ಬಂದಿದ್ದೀರಿ.

26 ಸೆಪ್ಟೆಂಬರ್ 2025ರಂದು ಹಾಗೂ ಆನಂತರ ಮಾಡುವ ಕೆಲಸಕ್ಕೆ ನನ್ನ ದರ ಗಂಟೆಗೆ 480 ರೂಪಾಯಿ ಆಗಿರುತ್ತದೆ. ಈಗಿನ 400 ರೂಪಾಯಿಯ ದರವು ಏಪ್ರಿಲ್ 2021ರಿಂದ ಬದಲಾಗದೆ ನಡೆದುಬಂದಿದ್ದು, ಈ ಅವಧಿಯಲ್ಲಿ ಸಾಫ್ಟ್‌ವೇರ್ ಮತ್ತು ಇತರ ಖರ್ಚುಗಳು ಏರಿರುವುದರಿಂದ ಈ ಬದಲಾವಣೆ ಮಾಡುತ್ತಿದ್ದೇನೆ. ಹೊಸ ದರವನ್ನು 31 ಮಾರ್ಚ್ 2027ರವರೆಗೆ ಮತ್ತೆ ಏರಿಸುವುದಿಲ್ಲ.

25 ಸೆಪ್ಟೆಂಬರ್‌ವರೆಗೆ ಮಾಡಿದ ಎಲ್ಲ ಕೆಲಸಕ್ಕೂ, ಬಿಲ್ಲು ಯಾವ ತಾರೀಖಿನದಾಗಿದ್ದರೂ, ಹಳೆಯ ದರವೇ ಇರುತ್ತದೆ. ಗೇರ್‌ಬಾಕ್ಸ್ ಹೌಸಿಂಗಿನ ಮಾಡೆಲ್‌ಗೆ 1 ಸೆಪ್ಟೆಂಬರ್‌ರಂದು ಕೊಟ್ಟ ಅಂದಾಜಿನ 40 ಗಂಟೆಗಳನ್ನು, ಅವು 26ರ ನಂತರ ಮುಗಿದರೂ, 400 ರೂಪಾಯಿಯ ದರದಲ್ಲೇ ಪೂರೈಸುತ್ತೇನೆ. ಸ್ಯಾಂಪಲ್ ಅಥವಾ ಡ್ರಾಯಿಂಗ್ ಬದಲಾವಣೆಯಿಂದ ಹೆಚ್ಚುವರಿ ಕೆಲಸ ಬಂದಲ್ಲಿ ಅದಕ್ಕೆ ಹೊಸ ದರ ಅನ್ವಯಿಸುತ್ತದೆ.

ಪರ್ಚೇಸ್ ಆರ್ಡರ್‌ನಲ್ಲಿ ದರದ ತಿದ್ದುಪಡಿಯನ್ನು 25 ಸೆಪ್ಟೆಂಬರ್ ಒಳಗೆ ಮಾಡಿಸಿಕೊಡಬೇಕೆಂದು, ಅಥವಾ ಈ ಪತ್ರದ ಪ್ರತಿಯ ಮೇಲೆ ತಮ್ಮ ಸಹಿ ಹಾಕಿ ಕಳಿಸಬೇಕೆಂದು ಕೋರುತ್ತೇನೆ. ಈ ವಿಷಯದಲ್ಲಿ ಮಾತನಾಡಬೇಕೆನಿಸಿದರೆ ತಾವು ಹೇಳಿದ ಹೊತ್ತಿಗೆ ಬಂದು ಕಾಣುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು)

ಪತ್ರದಲ್ಲಿ ಕಾಕಾ ಎಂಬ ಶಬ್ದವಿಲ್ಲ, ಅದು ಸೋಮವಾರದ ಚಹಾದ ಜೊತೆ ಮುಗಿದಿರುತ್ತದೆ. ಕಾಗದ ಫೈಲಿಗೆ ಹೋಗುವುದರಿಂದ 'ಮಾನ್ಯರೇ' ಮತ್ತು 'ತಾವು' ಸಾಕು. ನಿಮ್ಮ ಕರಡಿನಲ್ಲಿ ಮೂರು ಕಡೆ ಇದ್ದ 'ಕ್ಷಮಿಸಬೇಕು' ಎಂಬುದನ್ನೂ ತೆಗೆದಿದ್ದೇನೆ. ಕ್ಷಮೆ ಕೇಳಿದವರು ತಪ್ಪು ಮಾಡುತ್ತಿದ್ದೇನೆಂದು ತಾವೇ ಒಪ್ಪಿಕೊಂಡ ಹಾಗಾಗುತ್ತದೆ, ಮುಂದಿನ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ. 'ಬೇರೆ ಕಾರ್ಖಾನೆಯವರು 550 ಕೊಡುತ್ತಿದ್ದಾರೆ' ಎಂಬ ಸಾಲೂ ಹೋಗಿದೆ, ಏಕೆಂದರೆ ಅದನ್ನು ಓದಿದವರು 'ಹಂಗಾರ ಅಲ್ಲೇ ಹೋಗು' ಎನ್ನಲು ಒಂದು ಕ್ಷಣವೂ ಬೇಕಾಗಿಲ್ಲ. ಹಳೆಯ ಬಾಕಿ ತಡವಾಗುತ್ತಿದೆ ಎಂಬ ದೂರನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಕಾಯ್ದೆಯನ್ನು ಈ ಪತ್ರದಲ್ಲಿ ಉಲ್ಲೇಖಿಸಿದರೆ ದರದ ಮಾತು ವ್ಯಾಜ್ಯದ ಮಾತಾಗುತ್ತದೆ. ಜಿ.ಎಸ್.ಟಿ. ನೋಂದಣಿ ಇದ್ದರೆ 480ರ ಪಕ್ಕದಲ್ಲಿ 'ತೆರಿಗೆ ಪ್ರತ್ಯೇಕ' ಎಂದು ಸೇರಿಸಿ. ವರ್ಷದ ವಹಿವಾಟು 20 ಲಕ್ಷದೊಳಗಿದ್ದು ನೋಂದಣಿ ಇಲ್ಲದಿದ್ದರೆ ತೆರಿಗೆಯ ಸುದ್ದಿಯೇ ಬೇಡ.

ಅಂಕಿಯನ್ನು ಎರಡನೆಯ ಪ್ಯಾರಾದ ಮೊದಲ ವಾಕ್ಯದಲ್ಲಿಟ್ಟಿದ್ದೇನೆ, ನಿಮ್ಮಲ್ಲಿ ಅದು ಪುಟದ ಕೊನೆಗೆ ಇತ್ತು. ಓದುವವರು ಮೊದಲು ಹುಡುಕುವುದು ಅದನ್ನೇ. ಅಷ್ಟು ಕೆಳಗೆ ಸಿಕ್ಕರೆ, ಮೇಲಿನ ಒಳ್ಳೆಯ ಮಾತುಗಳೆಲ್ಲ ಇದಕ್ಕಾಗಿ ಹಾಕಿದ ಪೀಠಿಕೆ ಎಂದು ಅನಿಸಿಬಿಡುತ್ತದೆ. 'ಯೋಚಿಸಿ ತಿಳಿಸಿ' ಎಂದು ಕೇಳದೆ 'ಆಗಿರುತ್ತದೆ' ಎಂದು ಬರೆದದ್ದು ಬೇಕೆಂದೇ. ತಿಳಿಸಿ ಎಂದರೆ ಹಿರಿಯರು ತಿಳಿಸುವುದಿಲ್ಲ, ಕಾಗದ ಮೇಜಿನ ಮೇಲೆ ಕೂರುತ್ತದೆ, 26ನೇ ತಾರೀಖು ಬಂದು ಹೋಗುತ್ತದೆ. ಕೊನೆಯ ವಾಕ್ಯ ಬಾಗಿಲನ್ನು ತೆರೆದೇ ಇಡುವುದರಿಂದ ಅದು ಒರಟಾಗಿಯೂ ಕೇಳುವುದಿಲ್ಲ.

ಆ ಬಾಗಿಲಿನಿಂದ ಅವರು ಬರುವುದು ಬಹುತೇಕ ಖಚಿತ: 'ನಾಲ್ಕನೂರಾ ಐವತ್ತ ಮಾಡಪಾ, ಮನಿಯವರಲ್ಲೇನು ನಾವು?' ಈ ಮಾತಿಗೆ ಒಪ್ಪುವ ಮೊದಲು ಒಂದು ಲೆಕ್ಕ ನೋಡಿ. ತಿಂಗಳಿಗೆ ಸುಮಾರು 58 ಗಂಟೆ ಕೆಲಸ ಎಂದು ಬರೆದಿದ್ದೀರಿ. 450ಕ್ಕೆ ಒಪ್ಪಿ 2027ರ ಮಾರ್ಚ್‌ವರೆಗೆ ಬದಲಿಸುವುದಿಲ್ಲ ಎಂದರೆ ಹದಿನೆಂಟು ಬಿಲ್ಲುಗಳಲ್ಲಿ ಗಂಟೆಗೆ 30ರಂತೆ 31,320 ರೂಪಾಯಿ ಬಿಟ್ಟುಕೊಟ್ಟಂತಾಗುತ್ತದೆ. ಅದರ ಬದಲು, 'ಕಾಕಾ, ಈ ಸೆಪ್ಟೆಂಬರ್ 26ರಿಂದ 440, ಮಾರ್ಚ್ 26ರಿಂದ 480 ಮಾಡೂಣ್ರೀ' ಎಂದರೆ ಬಿಡುವುದು ಆರು ಬಿಲ್ಲುಗಳಲ್ಲಿ ಗಂಟೆಗೆ 40ರಂತೆ 13,920 ಮಾತ್ರ. ಅವರಿಗೆ ಕೂಡಲೇ ಸಿಗುವ ರಿಯಾಯಿತಿ 30ಕ್ಕಿಂತ ದೊಡ್ಡದು, ನಿಮಗೆ ಹೋಗುವ ಒಟ್ಟು ಹಣ ಅರ್ಧಕ್ಕಿಂತ ಕಡಿಮೆ, ಆರು ತಿಂಗಳಲ್ಲಿ ಅವರ ಹಳೆಯ ಕೊಟೇಶನ್‌ಗಳೂ ಮುಗಿದಿರುತ್ತವೆ. ಹೀಗೆ ಒಪ್ಪಂದವಾದರೆ ಎರಡೂ ತಾರೀಖು, ಎರಡೂ ದರ ಇರುವ ಹೊಸ ಪತ್ರವನ್ನು ಅದೇ ದಿನ ಕೊಡಿ. ಮಾರ್ಚ್‌ನಲ್ಲಿ ನೆನಪಿಸುವ ಕೆಲಸವನ್ನು ಬಾಯಿಗೆ ಬಿಟ್ಟರೆ ಇನ್ನೊಮ್ಮೆ ಇದೇ ಪತ್ರ ಬರೆಯಬೇಕಾಗುತ್ತದೆ. ಕಾರಣವಿಲ್ಲದೆ ಒಂದೇ ಮಾತಿಗೆ 450ಕ್ಕೆ ಇಳಿಯುವುದನ್ನು ಮಾತ್ರ ಮಾಡಬೇಡಿ. ಮೊದಲು ಹೇಳಿದ 480 ಸುಮ್ಮನೆ ಹೇಳಿದ ಅಂಕಿ ಎಂದು ಅವರಿಗೆ ಆಗಲೇ ಗೊತ್ತಾಗಿಬಿಡುತ್ತದೆ.

ಅವರು ಏನೂ ಹೇಳದೆ ಕೆಲಸ ಕಳಿಸುತ್ತಲೇ ಇದ್ದರೆ ಒಪ್ಪಿದ್ದಾರೆ ಎಂದೇ ಬಹುಮಟ್ಟಿಗೆ ಅರ್ಥ, ಆದರೂ ಆರ್ಡರಿನ ತಿದ್ದುಪಡಿಯೋ ಸಹಿಯೋ ಬಂದಿದೆಯೇ ಎಂದು 22ರ ಸುಮಾರಿಗೆ ಲೆಕ್ಕದವರನ್ನು ಕೇಳಿ. ಆ ವಾರ ದಾಟಿದರೆ ಆಯುಧ ಪೂಜೆ, ದಸರೆ, ಬೋನಸ್ಸಿನ ಗಡಿಬಿಡಿ ಬರುತ್ತದೆ, ಯಾರ ಕೈಗೂ ಕಾಗದ ಸಿಗುವುದಿಲ್ಲ. ನಿಮ್ಮ ಅದೃಷ್ಟಕ್ಕೆ, ಹೊಸ ದರದ ಮೊದಲ ಬಿಲ್ಲು ಹೋಗುವುದು ದೀಪಾವಳಿ ಕಳೆದ ಮೇಲೆ ಅಕ್ಟೋಬರ್ 27ಕ್ಕೆ, ಮೂವತ್ತು ದಿನದ ವಾಯಿದೆಯಲ್ಲಿ ಅವರ ಕೈಯಿಂದ ಹಣ ಹೊರಡುವುದು ನವೆಂಬರ್ ಕೊನೆಗೆ. ಹಬ್ಬದ ಖರ್ಚಿನ ಮೇಲೆ ಇದು ಬೀಳುವುದಿಲ್ಲ ಎಂಬುದನ್ನು ಸೋಮವಾರ ಮಾತಿನಲ್ಲಿ ಹೇಳಿದರೆ ತಪ್ಪಿಲ್ಲ.

ಆ ಮೊದಲ ಬಿಲ್ಲನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ. 58 ಗಂಟೆಯಾಗಿದ್ದರೆ ಮೊದಲ ಸಾಲಿನಲ್ಲಿ ಗೇರ್‌ಬಾಕ್ಸ್ ಹೌಸಿಂಗ್, 14 ಗಂಟೆ, 400ರಂತೆ 5,600, ಎರಡನೆಯ ಸಾಲಿನಲ್ಲಿ ಇತರ ಕೆಲಸ, 44 ಗಂಟೆ, 480ರಂತೆ 21,120, ಒಟ್ಟು 26,720. ಕೆಳಗೆ '9 ಸೆಪ್ಟೆಂಬರ್ 2025ರ ಪತ್ರದಂತೆ' ಎಂದು ಬರೆದು, ತಿದ್ದಿದ ಆರ್ಡರಿನ ನಂಬರು ಹಾಕಿ. ಬ್ಯಾಂಕಿಗೆ 23,200 ಮಾತ್ರ ಬಂದರೆ ಯಾರೋ ಹಳೆಯ ದರಕ್ಕೆ ಪಾಸು ಮಾಡಿದ್ದಾರೆ ಎಂದು ಅರ್ಥ, ಉಳಿದ 3,520ನ್ನು ಅದೇ ವಾರ, ಮಾಲೀಕರನ್ನಲ್ಲ, ಲೆಕ್ಕದವರನ್ನು ಕೇಳಿ.